‘ಪ್ರಗತಿ ತೃಪ್ತಿಕರ, ಷರತ್ತಿಗೆ ಒಳಪಟ್ಟು’: ಪಿಎಚ್‌ಡಿ ಪರಿಶೀಲನಾ ಸಭೆಯ ನಡಾವಳಿ ಓದುವುದು ಹೇಗೆ?

ಪಿಎಚ್‌ಡಿ ಮಾಡುತ್ತಿರುವವರ ಕೈಗೆ ಆರು ತಿಂಗಳಿಗೊಮ್ಮೆ ಒಂದೋ ಎರಡೋ ಪುಟದ ಕಾಗದ ಬರುತ್ತದೆ. ಮೇಲೆ ಸಭೆಯ ದಿನಾಂಕ, ಕೆಳಗೆ ನಾಲ್ಕೈದು ಸಹಿ, ನಡುವೆ ಕೆಲವು ಸಾಲು. ಅದರಲ್ಲಿ ಬಹುತೇಕ ಎಲ್ಲರಿಗೂ ಸಿಗುವ ಸಾಲು ಇದು: ‘ವಿದ್ಯಾರ್ಥಿಯ ಪ್ರಗತಿ ತೃಪ್ತಿಕರವಾಗಿದೆ, ಸಮಿತಿ ಸೂಚಿಸಿದ ಬದಲಾವಣೆಗಳಿಗೆ ಒಳಪಟ್ಟು.’ ಮನೆಯವರಿಗೆ ತೋರಿಸಿದರೆ ‘ಪಾಸಾಯ್ತಲ್ವಾ?’ ಎನ್ನುತ್ತಾರೆ. ವಿದ್ಯಾರ್ಥಿಯೂ ಹಾಗೇ ಅಂದುಕೊಂಡು ಕಾಗದವನ್ನು ಫೈಲಿಗೆ ಸೇರಿಸುತ್ತಾನೆ. ಆದರೆ ಆ ಸಾಲಿನ ಮೊದಲ ಅರ್ಧ ಕಳೆದ ಆರು ತಿಂಗಳ ಬಗ್ಗೆ, ಎರಡನೇ ಅರ್ಧ ಮುಂದಿನ ಆರು ತಿಂಗಳ ಬಗ್ಗೆ. ಕೆಲಸವೆಲ್ಲ ಇರುವುದು ಆ ಎರಡನೇ ಅರ್ಧದಲ್ಲಿ.

ಈ ಕಾಗದಕ್ಕೆ ನಡಾವಳಿ ಎನ್ನುತ್ತಾರೆ, ಕ್ಯಾಂಪಸ್ಸಿನಲ್ಲಿ ಮಾತಾಡುವಾಗ ‘ಮಿನಿಟ್ಸ್’. ಅದರಲ್ಲಿ ಏನಿರುತ್ತದೆ, ಒಂದೊಂದು ಸಾಲಿನ ಹಿಂದೆ ಎಷ್ಟು ಕೆಲಸ ಅಡಗಿರುತ್ತದೆ ಎಂಬುದನ್ನು ಒಂದೇ ಒಂದು ಉದಾಹರಣೆ ಹಿಡಿದು ನೋಡೋಣ.

## ಸಭೆಯಲ್ಲಿ ಯಾರಿರುತ್ತಾರೆ, ಯಾಕೆ ಸೇರುತ್ತಾರೆ?

ಪ್ರತಿ ಪಿಎಚ್‌ಡಿ ವಿದ್ಯಾರ್ಥಿಗೂ ಒಂದು ಚಿಕ್ಕ ಸಮಿತಿ ಇರುತ್ತದೆ. ಕೆಲವು ಕಡೆ ಅದನ್ನು ಸಂಶೋಧನಾ ಪರಿಶೀಲನಾ ಸಮಿತಿ ಅಥವಾ ಆರ್‌ಆರ್‌ಸಿ ಎನ್ನುತ್ತಾರೆ, ಕೆಲವು ಕಡೆ ಡಾಕ್ಟೋರಲ್ ಕಮಿಟಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳಲ್ಲಿ ಅದರ ಹೆಸರು ಸಂಶೋಧನಾ ಸಲಹಾ ಸಮಿತಿ. ಹೆಸರು ಯಾವುದಾದರೂ ಕೆಲಸ ಹೆಚ್ಚುಕಡಿಮೆ ಒಂದೇ. ವಿಷಯವನ್ನು ಅಂತಿಮಗೊಳಿಸುವುದು, ಅಧ್ಯಯನದ ವಿಧಾನ ಸರಿಯಾಗಿದೆಯೇ ಎಂದು ನೋಡುವುದು, ಕಾಲಕಾಲಕ್ಕೆ ಪ್ರಗತಿ ಪರಿಶೀಲಿಸುವುದು.

ಗೈಡ್ ಈ ಸಮಿತಿಯ ಸಂಚಾಲಕರು. ಜೊತೆಗೆ ವಿಷಯ ತಿಳಿದ ಬೇರೆ ಪ್ರಾಧ್ಯಾಪಕರು ಇರುತ್ತಾರೆ. ಹಲವು ಸಂಸ್ಥೆಗಳು ಹೊರಗಿನ ಒಬ್ಬ ತಜ್ಞರನ್ನೂ ಕರೆಸುತ್ತವೆ. ಇದಕ್ಕೆ ಒಂದು ಸರಳ ಕಾರಣವಿದೆ. ಗೈಡ್ ಮತ್ತು ವಿದ್ಯಾರ್ಥಿ ವಾರಕ್ಕೆರಡು ಸಲ ಅದೇ ಗ್ರಾಫ್ ನೋಡಿ ನೋಡಿ ಅದಕ್ಕೆ ಒಗ್ಗಿಹೋಗಿರುತ್ತಾರೆ. ಮೊದಲ ಸಲ ನೋಡುವವರಿಗೆ ಮಾತ್ರ ‘ಇದು ಹೀಗ್ಯಾಕಿದೆ?’ ಎಂದು ಕೇಳುವ ಕಣ್ಣಿರುತ್ತದೆ.

ನಿಯಮದ ಪ್ರಕಾರ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿಗೊಮ್ಮೆ ಸಮಿತಿಯ ಮುಂದೆ ಬಂದು ತನ್ನ ಕೆಲಸವನ್ನು ಮಂಡಿಸಬೇಕು, ಒಂದು ಸಣ್ಣ ಪ್ರಗತಿ ವರದಿಯನ್ನೂ ಕೊಡಬೇಕು. ಸಮಿತಿ ತನ್ನ ಶಿಫಾರಸುಗಳನ್ನು ಆ ವರದಿಯ ಜೊತೆಗಿಟ್ಟು ಸಂಸ್ಥೆಗೆ ಕಳಿಸುತ್ತದೆ. ಅದರ ಒಂದು ಪ್ರತಿ ವಿದ್ಯಾರ್ಥಿಗೂ ಸಿಗಬೇಕು. ಇದನ್ನು ನೆನಪಿಡಿ, ಏಕೆಂದರೆ ಕೆಲವು ವಿಭಾಗಗಳಲ್ಲಿ ನಡಾವಳಿ ಆಫೀಸಿನ ಫೈಲಿನಲ್ಲೇ ಕೂತಿರುತ್ತದೆ, ವಿದ್ಯಾರ್ಥಿ ಮುಂದಿನ ಸಭೆಯ ಹಿಂದಿನ ದಿನ ಅದನ್ನು ಹುಡುಕುತ್ತಾ ಓಡಾಡುತ್ತಾನೆ. ಪ್ರತಿ ಕೇಳಿ ಪಡೆಯುವುದು ಯಾರ ಉಪಕಾರವೂ ಅಲ್ಲ.

## ಆಡಿದ ಮಾತೆಲ್ಲ ನಡಾವಳಿಯಲ್ಲಿ ಇರುವುದಿಲ್ಲ

ಸಭೆ ಮುಕ್ಕಾಲು ಗಂಟೆ ನಡೆಯಬಹುದು. ಅಷ್ಟರಲ್ಲಿ ನೂರೆಂಟು ಮಾತು ಬಂದುಹೋಗುತ್ತವೆ. ಒಬ್ಬರು ‘ಈ ಸ್ಲೈಡ್‌ನಲ್ಲಿ ಅಕ್ಷರ ಸಣ್ಣದಾಯ್ತು’ ಎನ್ನುತ್ತಾರೆ. ಇನ್ನೊಬ್ಬರು ತಮ್ಮ ಹಳೆಯ ಪ್ರಯೋಗದ ಕಥೆ ಹೇಳುತ್ತಾರೆ. ಮೂರನೆಯವರು ‘ಇದನ್ನು ಬೇರೆ ಸಿಮೆಂಟ್‌ನಲ್ಲೂ ಮಾಡಿ ನೋಡಬಹುದಲ್ಲ’ ಎಂದು ಸುಮ್ನೆ ಒಂದು ಮಾತು ಎಸೆಯುತ್ತಾರೆ. ನಡಾವಳಿ ಇದನ್ನೆಲ್ಲ ಬರೆದುಕೊಳ್ಳುವುದಿಲ್ಲ. ಅದು ಕ್ರಿಕೆಟ್ಟಿನ ಸ್ಕೋರ್‌ಕಾರ್ಡ್ ಇದ್ದ ಹಾಗೆ. ಯಾರು ಎಷ್ಟು ಹೊಡೆದರು, ಹೇಗೆ ಔಟಾದರು ಎಂದಿರುತ್ತದೆಯೇ ಹೊರತು ನಡುವೆ ಪಿಚ್ ಮೇಲೆ ಏನು ಮಾತಾಡಿಕೊಂಡರು ಎಂದಿರುವುದಿಲ್ಲ.

ಹಾಗಾಗಿ ಸಭೆಯಲ್ಲಿ ಕೇಳಿದ್ದಕ್ಕೂ ನಡಾವಳಿಯಲ್ಲಿ ಬಂದದ್ದಕ್ಕೂ ವ್ಯತ್ಯಾಸವಿದ್ದೇ ಇರುತ್ತದೆ. ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾದ್ದು ಬರೆದದ್ದಕ್ಕೆ. ಬಾಯಿಮಾತಿನ ಸಲಹೆಗಳನ್ನು ವಿದ್ಯಾರ್ಥಿ ತನ್ನ ನೋಟ್‌ಬುಕ್ಕಿನಲ್ಲಿ ಬೇರೆ ಪಟ್ಟಿ ಮಾಡಿಕೊಂಡರೆ ಸಾಕು. ಅವುಗಳಲ್ಲಿ ಕೆಲವು ಒಳ್ಳೆಯವೇ ಇರುತ್ತವೆ, ಆದರೆ ಅವೆಲ್ಲವನ್ನೂ ಮಾಡಲು ಹೊರಟರೆ ಪಿಎಚ್‌ಡಿ ಮುಗಿಯುವುದಿಲ್ಲ.

ನಡಾವಳಿಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಯಾರು ಹಾಜರಿದ್ದರು, ಹಿಂದಿನ ಶಿಫಾರಸುಗಳ ಗತಿ ಏನಾಯಿತು, ಈ ಅವಧಿಯಲ್ಲಿ ಯಾವ ಕೆಲಸ ಆಯಿತು, ಸಮಿತಿ ಏನು ಗಮನಿಸಿತು, ಏನು ಶಿಫಾರಸು ಮಾಡಿತು, ಒಟ್ಟಾರೆ ಪ್ರಗತಿ ಹೇಗಿದೆ. ಇದರಲ್ಲಿ ‘ಗಮನಿಸಿತು’ ಮತ್ತು ‘ಶಿಫಾರಸು ಮಾಡಿತು’ ಎಂಬ ಎರಡು ಭಾಗಗಳನ್ನು ಒಂದಕ್ಕೊಂದು ಜೋಡಿಸಿ ಓದಬೇಕು. ಗಮನಿಸಿದ್ದು ಕಾರಣ, ಶಿಫಾರಸು ಅದಕ್ಕೆ ಪರಿಹಾರ. ಕಾರಣ ಗೊತ್ತಿಲ್ಲದೆ ಪರಿಹಾರವನ್ನಷ್ಟೇ ಪಾಲಿಸಿದರೆ ಎಲ್ಲಿ ಎಡವುತ್ತೇವೆ ಎಂಬುದು ಮುಂದೆ ಗೊತ್ತಾಗುತ್ತದೆ.

## ಒಂದು ಉದಾಹರಣೆ: ಹಾರುಬೂದಿ ಕಾಂಕ್ರೀಟ್

ಒಬ್ಬ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ ಇದ್ದಾನೆ ಎಂದುಕೊಳ್ಳಿ. ಇದು ವಿವರಣೆಗಾಗಿ ಕಟ್ಟಿದ ಉದಾಹರಣೆ, ಆದರೆ ಇಂಥ ಸಭೆಗಳಲ್ಲಿ ಏಳುವ ಪ್ರಶ್ನೆಗಳು ಹೀಗೇ ಇರುತ್ತವೆ. ಅವನ ವಿಷಯ, ಕಾಂಕ್ರೀಟ್‌ನಲ್ಲಿ ಸಿಮೆಂಟಿನ ಒಂದು ಪಾಲನ್ನು ಹಾರುಬೂದಿಯಿಂದ ತುಂಬಿದರೆ ಗಟ್ಟಿತನ ಎಷ್ಟಿರುತ್ತದೆ ಎಂಬುದು. ಹಾರುಬೂದಿ ಎಂದರೆ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಹಿಡಿದಿಡುವ ನಯವಾದ ಬೂದಿ, ಫ್ಲೈ ಆ್ಯಶ್.

ಅವನು ಐದು ಬಗೆಯ ಮಿಶ್ರಣ ಮಾಡಿದ್ದಾನೆ: ಬೂದಿ ಇಲ್ಲದ್ದು ಒಂದು, ಆಮೇಲೆ ಶೇ 10, 20, 30, 40 ಬೂದಿ ಇರುವವು. ಪ್ರತಿ ಬದಿ 150 ಮಿಲಿಮೀಟರ್ ಇರುವ ಕ್ಯೂಬ್‌ಗಳನ್ನು ಎರಕ ಹೊಯ್ದು, ನೀರಿನಲ್ಲಿ ಮುಳುಗಿಸಿಟ್ಟು, ಪ್ರತಿ ಮಿಶ್ರಣದಿಂದ 7ನೇ ದಿನ ಮೂರು, 28ನೇ ದಿನ ಮೂರು ಕ್ಯೂಬ್‌ಗಳನ್ನು ಯಂತ್ರದಲ್ಲಿ ಒತ್ತಿ ಒಡೆದಿದ್ದಾನೆ. ಒಡೆಯುವಾಗ ಒಂದು ಚದರ ಮಿಲಿಮೀಟರ್ ಮೇಲೆ ಎಷ್ಟು ನ್ಯೂಟನ್ ಬಲ ಬಿತ್ತೋ ಅದೇ ಅದರ ಗಟ್ಟಿತನ. ಇದನ್ನು ಎಂಪಿಎ ಎಂಬ ಅಳತೆಯಲ್ಲಿ ಹೇಳುತ್ತಾರೆ.

28ನೇ ದಿನದ ಅವನ ಸರಾಸರಿಗಳು ಹೀಗಿವೆ. ಬೂದಿ ಇಲ್ಲದ್ದು 39.2. ಶೇ 20ರದ್ದು 36.1. ಶೇ 30ರದ್ದು 31.4. ಶೇ 40ರದ್ದು 26.8. ಗ್ರಾಫ್ ಇಳಿಜಾರಿನಲ್ಲಿ ಚೆಂದವಾಗಿ ಇಳಿಯುತ್ತದೆ. ಕೊನೆಯ ಸ್ಲೈಡ್‌ನಲ್ಲಿ ಅವನ ತೀರ್ಮಾನ: ‘ಶೇ 20ಕ್ಕಿಂತ ಹೆಚ್ಚು ಹಾರುಬೂದಿ ಬಳಸುವುದು ಸೂಕ್ತವಲ್ಲ.’

ಸಭೆಯಲ್ಲಿ ಎರಡು ಪ್ರಶ್ನೆ ಬರುತ್ತವೆ.

ಮೊದಲನೆಯದನ್ನು ಕೇಳುವುದು ಹೊರಗಿನ ತಜ್ಞರು. ‘ಮಾರುಕಟ್ಟೆಯಲ್ಲಿ ಸಿಗುವ ಪಿಪಿಸಿ ಸಿಮೆಂಟ್‌ನಲ್ಲೇ ಶೇ 35ರವರೆಗೆ ಹಾರುಬೂದಿ ಇರಬಹುದು ಎಂದು ನಮ್ಮ ಐಎಸ್ ಮಾನದಂಡ ಹೇಳುತ್ತೆ. ನೀವು 20ಕ್ಕೇ ನಿಲ್ಲಿಸಿದ್ದೀರಲ್ಲ, 28 ದಿನದ ಆಚೆ ನೋಡಿದ್ದೀರಾ?’

ಪ್ರಶ್ನೆ ಸಣ್ಣದು, ಆದರೆ ಇಡೀ ತೀರ್ಮಾನವನ್ನೇ ಅಲುಗಿಸುತ್ತದೆ. ಸಿಮೆಂಟ್ ನೀರಿನ ಜೊತೆ ಸೇರಿದಾಗ ಗಟ್ಟಿಯಾಗುವ ಅಂಟಿನ ಜೊತೆಗೆ ಒಂದಷ್ಟು ಸುಣ್ಣವೂ ಹುಟ್ಟುತ್ತದೆ. ಹಾರುಬೂದಿ ತಾನಾಗಿ ಗಟ್ಟಿಯಾಗುವುದಿಲ್ಲ. ಅದು ಈ ಸುಣ್ಣಕ್ಕಾಗಿ ಕಾಯಬೇಕು, ಸಿಕ್ಕ ಮೇಲೆ ಅದರೊಡನೆ ಬೆರೆತು ಇನ್ನಷ್ಟು ಅಂಟು ಕಟ್ಟಿಕೊಡುತ್ತದೆ. ಇದು ನಿಧಾನದ ಕೆಲಸ, ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. 28ನೇ ದಿನ ಯಂತ್ರಕ್ಕೆ ಕೊಟ್ಟರೆ ಬೂದಿ ತನ್ನ ಪಾಲಿನ ಕೆಲಸ ಮುಗಿಸುವ ಮೊದಲೇ ಅಳೆದಂತೆ. ಬೂದಿ ಜಾಸ್ತಿ ಇದ್ದಷ್ಟೂ ಈ ಅನ್ಯಾಯ ಜಾಸ್ತಿ.

ಎರಡನೇ ಪ್ರಶ್ನೆ ಇನ್ನೂ ಚಿಕ್ಕದು. ಒಬ್ಬ ಸದಸ್ಯರು ‘31.4 ಸರಾಸರಿ ಅಲ್ವಾ, ಮೂರು ಕ್ಯೂಬ್‌ಗಳ ಅಂಕಿ ಎಷ್ಟೆಷ್ಟು?’ ಎಂದು ಕೇಳುತ್ತಾರೆ. ವಿದ್ಯಾರ್ಥಿ ಲ್ಯಾಬ್ ಪುಸ್ತಕ ತೆಗೆದು ಓದುತ್ತಾನೆ: 35.8, 33.1, 25.3. ಸರಾಸರಿ 31.4 ಸರಿಯೇ. ಆದರೆ ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಮೂರರಲ್ಲಿ ಯಾವ ಕ್ಯೂಬೂ ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ದೂರ ಹೋಗಬಾರದು. 31.4ರ ಶೇ 15 ಎಂದರೆ 4.7. ಹಾಗಾಗಿ 26.7ಕ್ಕಿಂತ ಕೆಳಗೆ ಬಿದ್ದರೆ ಆ ಮೂರರ ಫಲಿತಾಂಶವೇ ಅಸಿಂಧು. 25.3 ಕೆಳಗೆ ಬಿದ್ದಿದೆ. ಮೋಲ್ಡ್‌ಗೆ ತುಂಬುವಾಗ ಸರಿಯಾಗಿ ದಮ್ಮಸು ಮಾಡದೆ ಗಾಳಿ ಉಳಿದಿರಬಹುದು, ಅಥವಾ ಕ್ಯೂಬಿನ ಮುಖ ಯಂತ್ರದ ತಟ್ಟೆಗೆ ಸಮವಾಗಿ ಕೂತಿರಲಿಕ್ಕಿಲ್ಲ. ಕಾರಣ ಏನೇ ಇರಲಿ, ಗ್ರಾಫಿನ ಮೇಲಿದ್ದ ಆ ಒಂದು ಚುಕ್ಕಿ ಈಗ ಇಲ್ಲ.

ಇದರಲ್ಲಿ ಮೋಸವೇನೂ ನಡೆದಿಲ್ಲ. ಸರಾಸರಿ ಮಾತ್ರ ತೋರಿಸುವುದು ಬಹಳ ಜನರ ಅಭ್ಯಾಸ. ಅದಕ್ಕೇ ಅನುಭವಿ ಸದಸ್ಯರು ಸ್ಲೈಡ್ ಬಿಟ್ಟು ಲ್ಯಾಬ್ ಪುಸ್ತಕ ಕೇಳುತ್ತಾರೆ.

## ಆ ಸಭೆಯ ನಡಾವಳಿ

ಇಷ್ಟೆಲ್ಲ ಮಾತುಕತೆ ಕಾಗದಕ್ಕೆ ಇಳಿದಾಗ ಹೀಗಾಗುತ್ತದೆ:

> ಹಿಂದಿನ ಶಿಫಾರಸುಗಳು: ಸಾಹಿತ್ಯ ಸಮೀಕ್ಷೆಯನ್ನು ಪರಿಷ್ಕರಿಸಲಾಗಿದೆ. ಸಮಿತಿ ಒಪ್ಪಿದೆ.
>
> ಈ ಅವಧಿಯ ಕೆಲಸ: ಐದು ಮಿಶ್ರಣಗಳ 7 ಮತ್ತು 28 ದಿನಗಳ ಒತ್ತಡ ಬಲ ಪರೀಕ್ಷೆ ಮುಗಿದಿದೆ.
>
> ಗಮನಿಸಿದ ಅಂಶಗಳು: (ಅ) ಹಾರುಬೂದಿ ಪ್ರಮಾಣದ ಮೇಲ್ಮಿತಿಯನ್ನು 28 ದಿನಗಳ ಫಲಿತಾಂಶದಿಂದ ಮಾತ್ರ ನಿರ್ಧರಿಸಲಾಗಿದೆ. (ಆ) ಶೇ 30ರ ಮಿಶ್ರಣದ 28 ದಿನಗಳ ಫಲಿತಾಂಶಗಳ ನಡುವಿನ ಅಂತರ ಐಎಸ್ 456ರ ಮಿತಿಯನ್ನು ಮೀರಿದೆ. (ಇ) ಮೂರನೇ ಉದ್ದೇಶವಾದ ‘ಬಾಳಿಕೆಯ ಅಧ್ಯಯನ’ ಬಹಳ ವಿಸ್ತಾರವಾಗಿದೆ.
>
> ಶಿಫಾರಸುಗಳು: (1) ಎಲ್ಲ ಮಿಶ್ರಣಗಳಿಗೂ 56 ಮತ್ತು 90 ದಿನಗಳ ಪರೀಕ್ಷೆ ನಡೆಸುವುದು. (2) ಪ್ರತಿ ಕ್ಯೂಬಿನ ಫಲಿತಾಂಶವನ್ನು ವರದಿಯಲ್ಲಿ ಕೊಡುವುದು, ಮಿತಿ ಮೀರಿದ ಪರೀಕ್ಷೆಯನ್ನು ಮತ್ತೆ ಮಾಡುವುದು. (3) ಮೂರನೇ ಉದ್ದೇಶವನ್ನು ನೀರು ಹೀರುವಿಕೆ ಮತ್ತು ಕ್ಲೋರೈಡ್ ಒಳನುಸುಳುವಿಕೆಗೆ ಸೀಮಿತಗೊಳಿಸುವುದು.
>
> ಪ್ರಗತಿ: ತೃಪ್ತಿಕರ, ಮೇಲಿನ ಶಿಫಾರಸುಗಳಿಗೆ ಒಳಪಟ್ಟು.

ಎಲ್ಲೂ ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ‘ಶೇ 20ರ ತೀರ್ಮಾನ ತಪ್ಪು’ ಎಂದು ಕೂಡ ಬರೆದಿಲ್ಲ. ತಪ್ಪೋ ಸರಿಯೋ ಎಂಬುದು ಸಮಿತಿಗೂ ಗೊತ್ತಿಲ್ಲ. ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ ಎಂದಷ್ಟೇ ಅವರು ಹೇಳಿದ್ದಾರೆ.

## ಒಂದು ಸಾಲಿನ ಹಿಂದಿನ ಅರ್ಧ ಟನ್

ಈಗ ಮೊದಲ ಶಿಫಾರಸನ್ನು ತೆಗೆದುಕೊಳ್ಳೋಣ. ‘56 ಮತ್ತು 90 ದಿನಗಳ ಪರೀಕ್ಷೆ ನಡೆಸುವುದು.’ ಓದುವಾಗ ಇನ್ನೆರಡು ಪರೀಕ್ಷೆ ಸೇರಿಸಿದರೆ ಆಯಿತು ಎನಿಸುತ್ತದೆ. ಆದರೆ ಹಿಂದೆ ಎರಕ ಹೊಯ್ದ ಕ್ಯೂಬ್‌ಗಳೆಲ್ಲ ಒಡೆದು ಪುಡಿಯಾಗಿವೆ. 90 ದಿನಕ್ಕೆ ಒಡೆಯಲು ಹೊಸ ಕ್ಯೂಬ್ ಬೇಕು. ಹೊಸದನ್ನು ಹೊಸ ಸಿಮೆಂಟ್ ಚೀಲ, ಹೊಸ ಲೋಡ್ ಬೂದಿಯಿಂದ ಮಾಡಿದರೆ ಅದನ್ನು ಹಳೆಯ 28 ದಿನದ ಅಂಕಿಯ ಜೊತೆ ಒಂದೇ ಗ್ರಾಫಿನಲ್ಲಿ ಕೂರಿಸುವುದು ಸರಿಯಲ್ಲ. ಹಾಗಾಗಿ 7 ಮತ್ತು 28 ದಿನಗಳದ್ದನ್ನೂ ಮತ್ತೆ ಮಾಡುವುದೇ ಲೇಸು. ಶಿಫಾರಸಿನಲ್ಲಿ ಇದು ಬರೆದಿಲ್ಲ, ಆದರೆ ಅದರೊಳಗೇ ಇದೆ. ಹೀಗೆ ಮಾಡಿದರೆ ಎರಡನೇ ಶಿಫಾರಸಿನ ಮರುಪರೀಕ್ಷೆಯೂ ಇದರಲ್ಲೇ ಮುಗಿದುಹೋಗುತ್ತದೆ.

ಲೆಕ್ಕ ಹಾಕಿ. ಐದು ಮಿಶ್ರಣ, ನಾಲ್ಕು ವಯಸ್ಸು, ಪ್ರತಿಯೊಂದಕ್ಕೂ ಮೂರು ಕ್ಯೂಬ್. ಒಟ್ಟು 60. ಒಂದು ಕ್ಯೂಬ್ ಸುಮಾರು 8 ಕಿಲೋ ತೂಗುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ ಟನ್ ಕಾಂಕ್ರೀಟ್ ಕಲಸಿ, ತುಂಬಿ, ಹೊತ್ತು, ನೀರಿನ ತೊಟ್ಟಿಗೆ ಇಳಿಸಬೇಕು. ಆ ತೊಟ್ಟಿಯಲ್ಲಿ ಮೂರು ತಿಂಗಳು ಜಾಗ ಬೇಕು, ಮತ್ತು ಅದೇ ತೊಟ್ಟಿಯನ್ನು ಎಂ.ಟೆಕ್ ಹುಡುಗರೂ ಬಳಸುತ್ತಿರುತ್ತಾರೆ.

ಇನ್ನು ಸಮಯ. ಲ್ಯಾಬಿನಲ್ಲಿ ಅವನಿಗೆ ಆರು ಮೋಲ್ಡ್ ಸಿಗುತ್ತವೆ ಎಂದುಕೊಂಡರೆ, ತುಂಬಿದ ಮರುದಿನ ಬಿಚ್ಚಿ ಮತ್ತೆ ತುಂಬಬಹುದು. 60 ಕ್ಯೂಬ್‌ಗೆ ಹತ್ತು ಸಲ ಎರಕ. ರಜೆ, ಕರೆಂಟು, ಯಂತ್ರದ ಸರದಿ ಎಲ್ಲ ಸೇರಿ ಎರಡು ವಾರ ಹಿಡಿಯಿರಿ. ಕೊನೆಯ ದಿನ ಹೊಯ್ದ ಕ್ಯೂಬ್ 90 ದಿನ ಕಾಯಬೇಕು. ಆಮೇಲೆ ಅಂಕಿಗಳನ್ನು ನೋಡಿ ವರದಿ ಬರೆಯಲು ಎರಡು ವಾರ. ವರದಿಯನ್ನು ಸಭೆಗೆ 15 ದಿನ ಮೊದಲು ಕೊಡಬೇಕು ಎಂದು ವಿಭಾಗ ಕೇಳುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ಕೂಡಿದರೆ ಸುಮಾರು 133 ದಿನ. ಮುಂದಿನ ಸಭೆಗೆ ಇರುವುದು ಸುಮಾರು 180 ದಿನ. ಅಂದರೆ ಸಭೆ ಮುಗಿದ ಒಂದೂವರೆ ತಿಂಗಳೊಳಗೆ ಮೊದಲ ಎರಕ ಬಿದ್ದಿರಲೇಬೇಕು. ಅಷ್ಟರೊಳಗೆ ಸಿಮೆಂಟ್, ಬೂದಿ, ಮರಳು, ಜಲ್ಲಿ ಬಂದಿರಬೇಕು.

ನಡಾವಳಿ ಕೈಗೆ ಬರುವುದೇ ಸಭೆಯಾದ ಒಂದು ತಿಂಗಳಿಗಾದರೆ? ಅವನಿಗೆ ಉಳಿಯುವುದು ಎರಡು ವಾರ. ಅದಕ್ಕೇ ಕಾಗದ ಬರಲಿ ಎಂದು ಕಾಯದೆ, ಸಭೆ ಮುಗಿದ ಸಂಜೆಯೇ ಗೈಡ್ ಜೊತೆ ಕೂತು ಶಿಫಾರಸುಗಳನ್ನು ಬರೆದಿಟ್ಟುಕೊಳ್ಳುವವರು ಗೆಲ್ಲುತ್ತಾರೆ. ‘90 ದಿನಗಳದ್ದು ಇನ್ನೂ ಬಂದಿಲ್ಲ ಸರ್, ಕ್ಯೂರಿಂಗ್ ಆಗ್ತಿದೆ’ ಎಂಬ ಮಾತು ಇಂಥ ಸಭೆಗಳಲ್ಲಿ ಕೇಳಿಬಂದರೆ, ಬಹಳ ಸಲ ತಡವಾದದ್ದು ಕಾಂಕ್ರೀಟ್ ಅಲ್ಲ, ಮೊದಲ ಎರಕದ ದಿನ.

## ಮೂರನೇ ಶಿಫಾರಸು ಬೇರೆ ಜಾತಿಯದು

ಮೊದಲೆರಡು ಶಿಫಾರಸುಗಳನ್ನು ವಿದ್ಯಾರ್ಥಿ ಲ್ಯಾಬಿನಲ್ಲೇ ಮುಗಿಸಬಹುದು. ಮೂರನೆಯದು ಹಾಗಲ್ಲ. ಸಂಶೋಧನೆಯ ಉದ್ದೇಶಗಳು ನೋಂದಣಿಯ ಸಮಯದಲ್ಲಿ ಒಪ್ಪಿಗೆ ಪಡೆದ ಪ್ರಸ್ತಾವದಲ್ಲಿರುತ್ತವೆ. ಅದನ್ನು ಬದಲಿಸುವುದಾದರೆ ಬದಲಾವಣೆ ದಾಖಲೆಯಲ್ಲಿ ಬರಬೇಕು. ಶೀರ್ಷಿಕೆ ಬದಲಾದರಂತೂ ಸಾಮಾನ್ಯವಾಗಿ ಮೇಲಿನ ಮಂಡಳಿಯ ಅನುಮತಿ ಬೇಕಾಗುತ್ತದೆ. ಸಮಿತಿ ಶಿಫಾರಸು ಮಾಡಿದ ಮಾತ್ರಕ್ಕೆ ಅದು ತಾನಾಗಿ ಜಾರಿಯಾಗುವುದಿಲ್ಲ, ಅರ್ಜಿ ಹಾಕುವ ಕೆಲಸ ವಿದ್ಯಾರ್ಥಿ ಮತ್ತು ಗೈಡ್‌ರದ್ದು. ಇದನ್ನು ಮರೆತರೆ ಪ್ರಬಂಧ ಸಲ್ಲಿಸುವಾಗ ಹಳೆಯ ಉದ್ದೇಶ ಒಂದು ಕಡೆ, ಹೊಸ ಅಧ್ಯಾಯ ಇನ್ನೊಂದು ಕಡೆ ನಿಂತಿರುತ್ತವೆ.

ಅಂದಹಾಗೆ ‘ಸೀಮಿತಗೊಳಿಸುವುದು’ ಎಂದು ಓದಿದಾಗ ತನ್ನ ಕೆಲಸಕ್ಕೆ ಕತ್ತರಿ ಹಾಕಿದರು ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ವಾಸ್ತವದಲ್ಲಿ ಇದು ವಿದ್ಯಾರ್ಥಿಗೆ ಸಿಗಬಹುದಾದ ಅತ್ಯಂತ ಉಪಯೋಗದ ಸಾಲು. ಕಾಂಕ್ರೀಟಿನ ಬಾಳಿಕೆ ಎಂದರೆ ಆಮ್ಲ, ಸಲ್ಫೇಟ್, ಕ್ಲೋರೈಡ್, ಕಾರ್ಬನ್ ಡೈಆಕ್ಸೈಡ್ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪರೀಕ್ಷಕರು ಕೊನೆಯಲ್ಲಿ ‘ಸಲ್ಫೇಟ್ ಯಾಕೆ ಮಾಡಲಿಲ್ಲ?’ ಎಂದು ಕೇಳಿದರೆ, ವ್ಯಾಪ್ತಿಯನ್ನು ಸಮಿತಿಯೇ ಕಾರಣ ಸಮೇತ ನಿಗದಿ ಮಾಡಿತ್ತು ಎಂದು ಈ ಸಾಲನ್ನು ತೋರಿಸಬಹುದು.

## ಮಂಜು ಮುಸುಕಿದ ಸಾಲುಗಳು

ಮೇಲಿನ ನಡಾವಳಿ ಸ್ಪಷ್ಟವಾಗಿದೆ. ನಿಜಜೀವನದಲ್ಲಿ ಎಲ್ಲವೂ ಹೀಗಿರುವುದಿಲ್ಲ. ‘ಸಾಹಿತ್ಯ ಸಮೀಕ್ಷೆಯನ್ನು ಬಲಪಡಿಸುವುದು’, ‘ವಿಧಾನವನ್ನು ಇನ್ನಷ್ಟು ಸ್ಪಷ್ಟಪಡಿಸುವುದು’, ‘ಕೆಲಸದ ವೇಗ ಹೆಚ್ಚಿಸುವುದು’. ಇವನ್ನು ಓದಿ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಮುಂದಿನ ಸಭೆಯಲ್ಲಿ ಅದು ಮುಗಿಯಿತೋ ಇಲ್ಲವೋ ಎಂದು ಹೇಳುವುದೂ ಕಷ್ಟ. ಒಬ್ಬ ಸದಸ್ಯರಿಗೆ ಬಲಪಟ್ಟಂತೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಒಂದು ಶಿಫಾರಸು ಗಟ್ಟಿಯಾಗಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಸಭೆಯಲ್ಲಿ ಇರದಿದ್ದ ಮೂರನೇ ವ್ಯಕ್ತಿ ಬಂದು ನೋಡಿ ‘ಆಗಿದೆ’ ಅಥವಾ ‘ಆಗಿಲ್ಲ’ ಎಂದು ಹೇಳಬಲ್ಲರೇ? ‘56 ಮತ್ತು 90 ದಿನಗಳ ಪರೀಕ್ಷೆ’ಗೆ ಹೇಳಬಲ್ಲರು. ‘ಬಲಪಡಿಸುವುದು’ ಎಂಬುದಕ್ಕೆ ಹೇಳಲಾರರು.

ಇದನ್ನು ಸರಿಪಡಿಸುವ ಜಾಗ ಸಭೆಯ ಕೊಠಡಿಯೇ. ‘ಸರ್, ಯಾವ ಭಾಗದಲ್ಲಿ ಕೊರತೆ ಕಾಣಿಸಿತು?’ ಎಂದು ವಿನಯದಿಂದ ಕೇಳಿದರೆ ಬಹುತೇಕ ಸದಸ್ಯರು ‘90 ದಿನಗಳ ಆಚೆಯ ಫಲಿತಾಂಶ ಕೊಟ್ಟಿರುವ ಅಧ್ಯಯನಗಳೇ ಇದರಲ್ಲಿಲ್ಲ’ ಎಂದು ನಿಖರವಾಗಿ ಹೇಳುತ್ತಾರೆ. ಅವರ ಮನಸ್ಸಿನಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಬರೆಯುವಾಗ ಕರಗಿಹೋಯಿತು ಅಷ್ಟೆ. ನಡಾವಳಿಯ ಕರಡು ಬರೆಯುವುದು ಬಹಳ ಕಡೆ ಗೈಡ್ ಆಗಿರುವುದರಿಂದ ಆ ವಾಕ್ಯವನ್ನೇ ಸೇರಿಸಿ ಎಂದು ಕೇಳಿಕೊಳ್ಳಬಹುದು.

‘ಒಂದು ಪೇಪರ್ ಪ್ರಕಟಿಸುವುದು’ ಎಂಬ ಸಾಲಿನ ಬಗ್ಗೆ ಒಂದು ಮಾತು. ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ಆದರೆ ಸಂಸ್ಥೆಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ನಿಮ್ಮ ಸಂಸ್ಥೆಯದ್ದು ಏನೆಂದು ನೋಡಿಕೊಳ್ಳಿ.

## ‘ತೃಪ್ತಿಕರವಲ್ಲ’ ಎಂದು ಬಂದರೆ?

ಕೊನೆಯ ಸಾಲಿಗೆ ಬರೋಣ. ಷರತ್ತಿಲ್ಲದ ‘ತೃಪ್ತಿಕರ’ ಬಂದರೆ ಸಂತೋಷ. ‘ಒಳಪಟ್ಟು’ ಎಂಬುದು ಇದ್ದರೆ ಮೇಲಿನಂತೆ ಕೆಲಸದ ಪಟ್ಟಿ. ಹೆದರಿಸುವುದು ‘ತೃಪ್ತಿಕರವಲ್ಲ’ ಎಂಬುದು.

ಅದು ಬಂದ ತಕ್ಷಣ ನೋಂದಣಿ ಹೋಗುವುದಿಲ್ಲ. ಯುಜಿಸಿ ನಿಯಮದಲ್ಲಿ ಮೆಟ್ಟಿಲುಗಳಿವೆ. ಪ್ರಗತಿ ಸಾಲದು ಎಂದಾದರೆ ಸಮಿತಿ ಅದಕ್ಕೆ ಕಾರಣಗಳನ್ನು ದಾಖಲಿಸಬೇಕು, ಸರಿಪಡಿಸಲು ಏನು ಮಾಡಬೇಕೆಂದೂ ಸೂಚಿಸಬೇಕು. ವಿದ್ಯಾರ್ಥಿ ಆ ಕ್ರಮಗಳನ್ನು ಪಾಲಿಸದೆ ಹೋದರೆ ಮಾತ್ರ, ನಿರ್ದಿಷ್ಟ ಕಾರಣ ಕೊಟ್ಟು ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಅಂದರೆ ಕಾರಣವಿಲ್ಲದ, ಪರಿಹಾರವಿಲ್ಲದ ಬರೀ ‘ತೃಪ್ತಿಕರವಲ್ಲ’ ಎಂಬ ಒಂದು ಪದ ಅಪೂರ್ಣ ನಡಾವಳಿ. ಅಂಥದ್ದು ಕೈಗೆ ಬಂದರೆ ಕಾರಣಗಳನ್ನು ಬರಹದಲ್ಲಿ ಕೇಳುವುದು ವಿದ್ಯಾರ್ಥಿಯ ಮೊದಲ ಕೆಲಸ. ವಾದ ಮಾಡುವುದಕ್ಕಲ್ಲ, ಸರಿಪಡಿಸಬೇಕಾದ್ದು ಏನೆಂದು ತಿಳಿಯುವುದಕ್ಕೆ.

ಅದೇ ರೀತಿ, ಪ್ರತಿ ಸಲ ‘ತೃಪ್ತಿಕರ’ ಎಂದಿದ್ದರೂ ಒಂದೇ ಶಿಫಾರಸು ಮೂರು ನಡಾವಳಿಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಫೈಲ್ ತೆರೆದು ಹಳೆಯ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಐದೇ ನಿಮಿಷದಲ್ಲಿ ಕಾಣುತ್ತದೆ.

## ಮುಂದಿನ ಸಭೆಗೆ ಉತ್ತರ

ಆರು ತಿಂಗಳು ಕಳೆದು ನಮ್ಮ ವಿದ್ಯಾರ್ಥಿ ಮತ್ತೆ ಬರುತ್ತಾನೆ. ಈಗ ಅವನ ವರದಿಯ ಮೊದಲ ಪುಟದಲ್ಲಿ ಹೊಸ ಫಲಿತಾಂಶ ಇರಬಾರದು, ಹಳೆಯ ಶಿಫಾರಸುಗಳಿಗೆ ಉತ್ತರ ಇರಬೇಕು. ಒಂದು ಕಡೆ ಶಿಫಾರಸನ್ನು ನಡಾವಳಿಯಲ್ಲಿದ್ದ ಮಾತಿನಲ್ಲೇ ಬರೆದು, ಪಕ್ಕದಲ್ಲಿ ಏನು ಮಾಡಿದೆ, ವರದಿಯ ಯಾವ ಪುಟದಲ್ಲಿದೆ ಎಂದು ಬರೆಯಬೇಕು. ಇದಕ್ಕೆ ಅನುಪಾಲನಾ ವರದಿ ಎನ್ನುತ್ತಾರೆ.

ಅವನ ಅಂಕಿಗಳು ಹೀಗೆ ಬಂದವು ಎಂದುಕೊಳ್ಳಿ. 90ನೇ ದಿನ ಬೂದಿ ಇಲ್ಲದ್ದು 43.0, ಶೇ 30ರದ್ದು 39.5, ಶೇ 40ರದ್ದು 33.2. ಅವನ ಕಾಂಕ್ರೀಟ್ ಎಂ30 ದರ್ಜೆಯದು. ಆ ದರ್ಜೆಯ ಮಿಶ್ರಣವನ್ನು ರೂಪಿಸುವಾಗ ಸರಾಸರಿ 38.25 ಎಂಪಿಎ ಮುಟ್ಟಬೇಕು ಎಂಬ ಗುರಿ ಇಟ್ಟುಕೊಳ್ಳುತ್ತಾರೆ. ಶೇ 30ರದ್ದು ಆ ಗುರಿ ದಾಟಿದೆ, ಶೇ 40ರದ್ದು ದಾಟಿಲ್ಲ. ಈಗ ಅವನ ತೀರ್ಮಾನ ಬದಲಾಗುತ್ತದೆ: ಪೂರ್ಣ ಭಾರ ಬೀಳಲು ಮೂರು ತಿಂಗಳು ಕಾಯಬಹುದಾದ ಕಡೆ ಶೇ 30 ಪರವಾಗಿಲ್ಲ, 28 ದಿನದಲ್ಲೇ ಗಟ್ಟಿತನ ಬೇಕೆಂದರೆ ಇಲ್ಲ. ಮೊದಲಿನ ಒಂದು ಸಾಲಿನ ತೀರ್ಪಿಗಿಂತ ಇದು ಎಷ್ಟೋ ಕೆಲಸಕ್ಕೆ ಬರುವ ಮಾತು.

ಒಂದು ವೇಳೆ ಶೇ 30ರದ್ದು ಗುರಿ ಮುಟ್ಟದೇ ಹೋಗಿದ್ದರೂ ಶಿಫಾರಸು ಪೂರ್ಣವಾದಂತೆಯೇ. ಸಮಿತಿ ಕೇಳಿದ್ದು ಪರೀಕ್ಷೆಯನ್ನು, ಇಂಥದ್ದೇ ಫಲಿತಾಂಶವನ್ನಲ್ಲ. ಕೆಲವು ವಿದ್ಯಾರ್ಥಿಗಳು ಸಮಿತಿಗೆ ‘ಬೇಕಾದ’ ಉತ್ತರ ತರಲು ಒದ್ದಾಡುತ್ತಾರೆ. ಗಮನಿಸಿದ ಅಂಶವನ್ನು ಓದದೆ ಶಿಫಾರಸನ್ನು ಮಾತ್ರ ಓದಿದಾಗ ಹೀಗಾಗುತ್ತದೆ.

ಶಿಫಾರಸನ್ನು ಮಾಡಲಾಗದಿದ್ದರೆ ಅದನ್ನೂ ಬರೆಯಬೇಕು. ಕ್ಲೋರೈಡ್ ಪರೀಕ್ಷೆಯ ಉಪಕರಣ ಕೆಟ್ಟಿದೆ, ಬೇರೆ ಲ್ಯಾಬಿಗೆ ಮಾದರಿ ಕಳಿಸಿದ್ದೇನೆ, ಇಂಥ ದಿನ ಬರುತ್ತದೆ ಎಂದು ದಾಖಲೆ ಸಮೇತ ಹೇಳಿದರೆ ಯಾವ ಸಮಿತಿಯೂ ಅದನ್ನು ಒಪ್ಪುತ್ತದೆ. ಆ ಸಾಲನ್ನೇ ಬಿಟ್ಟು ಮುಂದೆ ಹೋದರೆ ಮಾತ್ರ ಅನುಮಾನ ಬರುತ್ತದೆ.

## ನಡಾವಳಿಯಲ್ಲೇ ತಪ್ಪಿದ್ದರೆ

ನಡಾವಳಿ ಬರೆಯುವವರೂ ಮನುಷ್ಯರೇ. 56 ದಿನ 65 ಆಗಬಹುದು. ‘ಎಲ್ಲ ಮಿಶ್ರಣಗಳಿಗೂ’ ಎಂದದ್ದು ‘ಶೇ 40ರ ಮಿಶ್ರಣಕ್ಕೆ’ ಎಂದು ಬಂದಿರಬಹುದು. ಹಿಂದಿನ ವಿದ್ಯಾರ್ಥಿಯ ನಡಾವಳಿಯಿಂದ ಕಾಪಿ ಮಾಡಿದ ಸಾಲೊಂದು ಉಳಿದುಬಿಟ್ಟಿರಬಹುದು. ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಆಗುವುದಿಲ್ಲ, ಏಕೆಂದರೆ ಎರಡು ವರ್ಷ ಬಿಟ್ಟು ಸಮಿತಿಯ ಸದಸ್ಯರೇ ಬದಲಾಗಿರಬಹುದು. ಆಗ ಮಾತಾಡುವುದು ಕಾಗದ ಮಾತ್ರ.

ನಡಾವಳಿ ಸಿಕ್ಕ ದಿನವೇ ನಿಮ್ಮ ನೋಟ್‌ಬುಕ್ಕಿನ ಜೊತೆ ಹೋಲಿಸಿ ನೋಡಿ. ಅಂಕಿ, ದಿನಾಂಕ, ‘ಎಲ್ಲ’ ಮತ್ತು ‘ಮಾತ್ರ’ ಎಂಬ ಪದಗಳನ್ನು ವಿಶೇಷವಾಗಿ ಗಮನಿಸಿ. ವ್ಯತ್ಯಾಸ ಕಂಡರೆ ಗೈಡ್‌ಗೆ ಒಂದು ಚಿಕ್ಕ ಇಮೇಲ್ ಹಾಕಿ: ಯಾವ ಕ್ರಮಸಂಖ್ಯೆ, ಈಗ ಏನಿದೆ, ಸಭೆಯಲ್ಲಿ ಆದದ್ದು ಏನು. ಸಹಿ ಆಗುವ ಮೊದಲಾದರೆ ಕರಡನ್ನೇ ತಿದ್ದಬಹುದು. ಸಹಿ ಆಗಿದ್ದರೆ ಹಳೆಯ ಕಾಗದವನ್ನು ಮುಟ್ಟುವುದಿಲ್ಲ. ಮುಂದಿನ ಸಭೆಯ ಮೊದಲ ವಿಷಯವಾಗಿ ಹಿಂದಿನ ನಡಾವಳಿಯನ್ನು ದೃಢೀಕರಿಸುವಾಗ ‘ಶಿಫಾರಸು 1ರಲ್ಲಿ 65 ಎಂದಿರುವುದನ್ನು 56 ಎಂದು ಓದಿಕೊಳ್ಳತಕ್ಕದ್ದು’ ಎಂದು ಹೊಸ ನಡಾವಳಿಯಲ್ಲಿ ಬರೆಸುತ್ತಾರೆ. ಅಲ್ಲಿಯವರೆಗೆ ಆ ಇಮೇಲನ್ನು ನಡಾವಳಿಯ ಪ್ರತಿಯ ಜೊತೆಗೇ ಪಿನ್ ಮಾಡಿ ಇಟ್ಟುಕೊಳ್ಳಿ.